ಪುಟ್ಟಿ ತುಂಬಿದ ಬೆಸುಗೆ

ಬೆಳ್ಳಿ ಬಣ್ಣ ಬಳಿದ ಕಬ್ಬಿಣ ಕಂಡರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ಬಣ್ಣದ್ದೇನೂ ತಪ್ಪಿಲ್ಲ, ಪಾಪ. ತುಕ್ಕು ಹಿಡಿಯದಿರಲಿ ಅಂತ ಬಳಿಯುವುದು. ಆದರೆ ನಮ್ಮ ಕಡೆ ಅದಕ್ಕೆ ಇನ್ನೊಂದು ಕೆಲಸವೂ ಇದೆ, ಮುಚ್ಚಿಹಾಕುವುದು. ಅದನ್ನು ನಾನು ನನ್ನ ಸ್ವಂತ ಶೆಡ್ಡಿನ ಮುಂದೆಯೇ ಕಣ್ಣಾರೆ ಕಂಡೆ.

ಜೇವರ್ಗಿಯಿಂದ ಕೊಳಕೂರಿನ ಕಡೆ ಹೋಗುವ ದಾರಿಯಲ್ಲಿ ನನ್ನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ವರ್ಷಗಟ್ಟಲೆ ಬೇವಿನ ಮರದ ಕೆಳಗೆ ತಾಡಪತ್ರಿ ಕಟ್ಟಿಕೊಂಡು ದುಡಿದವನು ನಾನು. ಕಡೆಗೂ ಗೋಡೆ, ಕಂಬ ಎದ್ದವು. ಮೇಲೆ ಪತ್ರಾ, ಅಂದರೆ ತಗಡು, ಹಾಕಲು ಅದನ್ನು ಹೊರುವ ಕಬ್ಬಿಣದ ತ್ರಿಕೋನ ಚೌಕಟ್ಟುಗಳು, ಟ್ರಸ್ಸುಗಳು, ಬೇಕಿದ್ದವು. ಇಪ್ಪತ್ನಾಲ್ಕು ಅಡಿ ಅಗಲದ ಸಣ್ಣ ಶೆಡ್ಡು, ದೊಡ್ಡ ವಿದ್ಯೆಯೇನಲ್ಲ. ಪ್ರಾಯದಲ್ಲಿ ಸೋಲಾಪುರದ ಕಡೆ ಶೆಡ್ಡು ಕಟ್ಟುವವರ ಕೈಕೆಳಗೆ ಕೆಲಸ ಮಾಡಿದ್ದೆ. ನಾನೇ ಕೂತು ನಕ್ಷೆ ಬರೆದೆ.

ಮಾಡುವವರು ಯಾರು ಅನ್ನುವ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳಲಿಲ್ಲ. ಅಕ್ಕನ ಗಂಡನದು ಅಫಜಲಪುರದಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಕಬ್ಬಿನ ಟ್ರಾಲಿ ಎಲ್ಲ ಮಾಡುತ್ತಾರೆ. "ಮನಿ ಅಳಿಯನ್ನ ಬಿಟ್ಟು ಹೊರಗಿನವರಿಗೆ ಕೊಟ್ಟರ ಮಂದಿ ಏನಂತಾರ?" ಅಂದಳು ಅವ್ವ. ಟ್ರಸ್ಸು ಏರುವ ದಿನ ಅಳಿಯನಿಗೆ ಆಯೇರಿಯ ಉಡುಗೊರೆ ಮಾಡಬೇಕು ಅಂತ ಧೋತರ, ರುಮಾಲು ಅವತ್ತೇ ತಂದಿಟ್ಟಳು.

ನಾನು ನಕ್ಷೆ ಹಿಡಿದು ಅಫಜಲಪುರಕ್ಕೆ ಹೋದೆ. ಅಕ್ಕನ ಗಂಡನಿಗೆ ನಾವು ಮಾಮಾ ಅನ್ನುತ್ತೇವೆ. "ಮಾಮಾ, ಮ್ಯಾಲಿನ ಇಳಿಜಾರಿಗೆ ಐವತ್ತರ ಆಂಗಲ್ಲೇ ಹಾಕ್ರಿ" ಅಂದೆ. ಐವತ್ತು ಮಿಲಿಮೀಟರ್ ಅಗಲದ, ಎಲ್ ಆಕಾರದ ಕಬ್ಬಿಣದ ಪಟ್ಟಿ ಅದು. ಪತ್ರಾದ ಭಾರಕ್ಕೆ ಆ ತುಂಡುಗಳು ಉದ್ದುದ್ದ ಒತ್ತಿಸಿಕೊಳ್ಳುತ್ತವೆ. ಒತ್ತಿಸಿಕೊಳ್ಳುವ ಕಬ್ಬಿಣ ಮುರಿಯುವ ಮೊದಲೇ ಪಕ್ಕಕ್ಕೆ ಬಾಗಿಬಿಡುತ್ತದೆ. ಆದ್ದರಿಂದ ಅಲ್ಲಿ ತೂಕದಷ್ಟೇ ಮುಖ್ಯ, ಎರಡು ಜೋಡಣೆಗಳ ನಡುವಿನ ಉದ್ದಕ್ಕೆ ಆಂಗಲ್ಲು ಎಷ್ಟು ದೊಡ್ಡದು ಅನ್ನುವುದು. ಮೂವತ್ತೈದರ ಆಂಗಲ್ಲು ಆ ಉದ್ದಕ್ಕೆ ತೀರ ಸಣಕಲು. ಪತ್ರಾ ಕೂರುವ ಅಡ್ಡ ಪೈಪುಗಳೂ ಜೋಡಣೆಯ ಮೇಲೆಯೇ ಬರಬೇಕು, ನಡುವೆ ಬಂದರೆ ಆಂಗಲ್ಲು ಜೋತುಬೀಳುತ್ತದೆ. ಕೆಳಗಿನ ಅಡ್ಡ ತುಂಡಿಗೆ ಇರುವುದು ಎಳೆತ, ಎಳೆತಕ್ಕೆ ತೆಳ್ಳಗಿನದೂ ಸಾಕು. ಹಾಗಂತ ತೀರ ತೆಳ್ಳಗೆ ಮಾಡುವಂತಿಲ್ಲ. ಮಳೆಗಾಲದ ಮುಂಚಿನ ಬಿರುಗಾಳಿ ಪತ್ರಾವನ್ನು ಮೇಲಕ್ಕೆ ಎತ್ತಿದಾಗ ಎಳೆತ ಇದ್ದಲ್ಲಿ ಒತ್ತಡ ಬರುತ್ತದೆ.

"ಇನ್ನೊಂದ್ರಿ ಮಾಮಾ, ಪೂರಾ ಟ್ರಸ್ಸು ಟ್ರಾಲಿಯೊಳಗ ಬರಂಗಿಲ್ಲ. ಅರ್ಧರ್ಧ ಇಲ್ಲೇ ವೆಲ್ಡಿಂಗ್ ಮಾಡ್ರಿ. ತುದಿಗೆ, ಕೆಳಗ ನಡುವ ಬೋಲ್ಟ್ ಹಾಕಿ ಅಲ್ಲೇ ಕೂಡ್ಸೋಣು" ಅಂದೆ. ಅಂಗಡಿಯಲ್ಲಿ ಟ್ರಸ್ಸನ್ನು ಮಲಗಿಸಿ, ತಿರುಗಿಸಿ, ಕೈಗೆ ಸಿಗುವಂತೆ ಬೆಸೆಯಬಹುದು. ನನ್ನ ಜಾಗದಲ್ಲಿ ಕರೆಂಟು ದಮ್ಮು ಹತ್ತಿದವರ ಹಾಗೆ. ಏಣಿ ಮೇಲೆ ನಿಂತು ಆ ಕರೆಂಟಿನಲ್ಲಿ ಬೆಸೆದರೆ ಬೆಸುಗೆಯ ರಾಡು ಅಂಟಿಕೊಳ್ಳುತ್ತದೆಯೇ ಹೊರತು ಕಬ್ಬಿಣ ಕರಗಿ ಒಂದಾಗುವುದಿಲ್ಲ. ಬೋಲ್ಟಾದರೆ ತಿರುಗಿಸಿ ಬಿಗಿಯಲು ಪಾನಾ ಇದ್ದರೆ ಸಾಕು. ತೂತು ಮಾತ್ರ ಡ್ರಿಲ್ಲಿನಲ್ಲೇ ಕೊರೆಯಬೇಕು, ಅಂಚಿಗೆ ತೀರ ಹತ್ತಿರ ಇರಬಾರದು, ಒಂದೊಂದು ತುಂಡಿಗೂ ಎರಡು ಬೋಲ್ಟಾದರೂ ಬೇಕು.

"ನೀ ಚಿಂತಿ ಬಿಡು. ಈ ಕೆಲಸದಾಗ ಕೂದಲ ಹಣ್ಣಾಗ್ಯಾವ ನಂದು" ಅಂದರು ಮಾಮಾ. ಒಳಗಿಂದ ಅಕ್ಕ ಚಹಾ ತಂದಳು. ಗಂಡನ ಮುಖ ನೋಡಿ, ನನ್ನ ಮುಖ ನೋಡಿ, ಲೋಟ ಇಟ್ಟು ಹೋದಳು. ಅಕ್ಕ ಆ ಮನೆಯಲ್ಲಿ ಮಾತು ಕಡಿಮೆ ಮಾಡಿಕೊಂಡೇ ಬಾಳಿದವಳು.

ಟ್ರಾಲಿ ಬಂದ ದಿನ ಮಾಮಾ, ಅಕ್ಕ, ಎತ್ತಿ ಏರಿಸಲು ಕೆಲಸದವರು, ಎಲ್ಲರೂ ಬಂದಿದ್ದರು. ಟ್ರಸ್ಸುಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಅವ್ವ ಕಣ್ತುಂಬ ನೋಡಿ ತಾಟಿನಲ್ಲಿ ಆಯೇರಿ ಜೋಡಿಸಿದಳು. ನಾನು ಹತ್ತಿರ ಹೋದೆ. ಮೇಲೆ, ಕೆಳಗೆ, ನಡುವೆ, ಎಲ್ಲ ಕಡೆಯೂ ಮೂವತ್ತೈದರ ಆಂಗಲ್ಲೇ. ಬೋಲ್ಟಿನ ತೂತುಗಳನ್ನು ರಾಡಿನಿಂದ ಸುಟ್ಟು ಮಾಡಿದ್ದರು. ಅಂಚು ಹರಕು ಮುರುಕು. ಒಳಗೆ ಬೋಲ್ಟು ಲಟಲಟ ಅಲ್ಲಾಡುತ್ತಿತ್ತು, ಅದೂ ಒಂದೊಂದೇ.

"ಬೋಲ್ಟ್ ಹಾಕಿ ಮ್ಯಾಲ ನಾಕು ಟಾಕಾ ಹೊಡದ್ರ ಗಟ್ಟಿ ಆಗ್ತದ. ಇಂಜಿನ್ ಎತ್ತಾಕ ಚೈನೂ ಇದಕ್ಕೇ ಕಟ್ಟು" ಅಂದರು ಮಾಮಾ.

ಮೈ ಉರಿದುಹೋಯಿತು. ಬೋಲ್ಟು ತೂತಿನೊಳಗೆ ಜರುಗಿ ಭಾರ ಹಿಡಿಯುವಷ್ಟರಲ್ಲಿ ಜರುಗದ ಬೆಸುಗೆಯ ಮೇಲೆಯೇ ಅಷ್ಟೂ ಭಾರ ಬಿದ್ದಿರುತ್ತದೆ. ಎರಡೂ ಇದ್ದರೆ ಎರಡು ಪಟ್ಟು ಗಟ್ಟಿ ಅನ್ನುವುದು ಬರೀ ಭ್ರಮೆ. ಟಾಕಾ ಅಂದರೆ ಚುಕ್ಕಿಯಷ್ಟು ಬೆಸುಗೆ, ಆ ನಾಲ್ಕು ಸಿಡಿದರೆ ಎಲ್ಲ ಕೆಳಗೆ. ಅಂಥ ಟ್ರಸ್ಸಿನ ನಟ್ಟನಡುವೆ ಟ್ರ್ಯಾಕ್ಟರ್ ಇಂಜಿನ್ ನೇತುಹಾಕಿ ಕೆಳಗೆ ಅಂಗಾತ ಮಲಗುವವನು ನಾನು.

ಆದರೆ ನಿಜವಾದ ಹೇಸಿಗೆ ಮುಂದಿತ್ತು. ಅಂಗಡಿಯಲ್ಲಿ ಮಾಡಿದ ಬೆಸುಗೆಗಳು ನೋಡಲು ತುಂಬ ನುಣ್ಣಗಿದ್ದವು. ಅಷ್ಟು ನುಣುಪು ಕಂಡೇ ನನಗೆ ಅನುಮಾನ ಬಂದದ್ದು. ಒಂದು ಜೋಡಣೆಯನ್ನು ಉಗುರಿನಿಂದ ಕೆರೆದೆ. ಉಗುರು ಒಳಗೆ ಹೋಯಿತು. ಗಾಡಿಯ ತಗ್ಗು ಮುಚ್ಚಲು ಬಳಿಯುವ ಪುಟ್ಟಿ. ಅದನ್ನು ಬೆಸುಗೆಯ ಆಕಾರಕ್ಕೆ ಬೆರಳಿನಿಂದ ತಿದ್ದಿ, ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಉಗುರಿನ ಸಂದಿಯಲ್ಲಿ ಉಳಿದ ಪುಟ್ಟಿಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಬೆಸೆಯಲು ಬಾರದವನ ಮೇಲೆ ಸಿಟ್ಟು ಬರುತ್ತದೆ, ಅಷ್ಟೇ. ಇವರು ಬೆಸೆಯಲಿಕ್ಕೆ ಬರುವವರು. ಬರುವ ಕೈಯಿಂದಲೇ ಇದನ್ನು ಕೂತು ತಿದ್ದಿದ್ದರು.

ಸುತ್ತಿಗೆ ತಗೊಂಡು ಆ ಜೋಡಣೆಗೆ ಒಂದೇಟು ಕೊಟ್ಟೆ. ಆಂಗಲ್ಲುಗಳನ್ನು ಕೂಡಿಸುವ ಪ್ಲೇಟು ಕಳಚಿ ನನ್ನ ಕಾಲ ಬಳಿ ಬಿತ್ತು. ಅದರ ಎರಡು ಮೂಲೆಗೆ ಕಡಲೆಯಷ್ಟು ಟಾಕಾ, ಉಳಿದದ್ದೆಲ್ಲ ಪುಟ್ಟಿ.

"ಇಷ್ಟ ಮಂದಿ ಮುಂದ ನನ್ನ ಮಾನ ಕಳದಿ" ಅಂದರು ಮಾಮಾ. ಪ್ಲೇಟಿನ ಕಡೆ ನೋಡಲಿಲ್ಲ. ಮಾನ ಹೋದದ್ದು ನನ್ನ ಸುತ್ತಿಗೆಯಿಂದ ಅಂತೆ. ಥೂ.

ಅವ್ವ ನನ್ನ ತೋಳು ಹಿಡಿದಳು. "ಬಿಡಪ್ಪಾ. ಅಳಿಯಾಂವ ಸಿಟ್ಟಾಗಿ ಹೋದ್ರ ಆಕಿ ಬಾಳೇ ಹೆಂಗ? ಮೊದಲ ಏರಸ್ರಿ. ಮ್ಯಾಲ ಯಾರು ಕತ್ತ ಎತ್ತಿ ನೋಡ್ತಾರ."

ಅವ್ವ ಹೇಳಿದ್ದೂ ಸುಳ್ಳಲ್ಲ. ಟ್ರಸ್ಸು ವಾಪಸ್ ಕಳಿಸಿದರೆ ಅದರ ಜೊತೆ ಟ್ರಾಲಿಯಲ್ಲಿ ಅಕ್ಕನೂ ಅದೇ ಮನೆಗೆ ಹೋಗಬೇಕು. ನನ್ನ ಸಿಟ್ಟಿನ ಬಡ್ಡಿ ಕಟ್ಟುವವಳು ಅವಳು. ಈಗ ಏರಿಸಿ, ಆಮೇಲೆ ಹೇಗೋ ಸರಿ ಮಾಡಿಕೊಂಡರಾಯಿತು ಅಂತ ಒಳಗೊಳಗೇ ಲೆಕ್ಕ ಹಾಕತೊಡಗಿದೆ. ಆ ಲೆಕ್ಕವೂ ಪುಟ್ಟಿಯೇ ಅನ್ನುವುದು ಗೊತ್ತಿದ್ದೂ ಸುತ್ತಿಗೆ ಕೆಳಗಿಟ್ಟೆ. ಕೆಲಸದವರು ಹಗ್ಗ ಬಿಚ್ಚಲು ಶುರು ಮಾಡಿದರು.

ಆಗ ಅಕ್ಕ ಮುಂದೆ ಬಂದಳು. ನೆಲದ ಮೇಲಿದ್ದ ಪ್ಲೇಟು ಎತ್ತಿಕೊಂಡು ಹೆಬ್ಬೆರಳಿನಿಂದ ಪುಟ್ಟಿ ಒತ್ತಿದಳು. ಅದು ಪುಡಿಯಾಗಿ ಅವಳ ಸೀರೆಯ ಮೇಲೆ ಉದುರಿತು. ಪ್ಲೇಟನ್ನು ಆಯೇರಿಯ ತಾಟಿನಲ್ಲಿ, ರುಮಾಲಿನ ಮೇಲೆ ಇಟ್ಟಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಸುತ್ತಿಗೆ ಎತ್ತಿ ನನ್ನ ಕೈಗೆ ಕೊಟ್ಟಳು.

"ಇದನ್ನ ಏರಸಬ್ಯಾಡ ತಮ್ಮ" ಅಂದಳು. "ನಮ್ಮ ಮನಿ ಮ್ಯಾಲಿನ ಟ್ರಸ್ಸೂ ಇವರೇ ಮಾಡ್ಯಾರ. ಹುಡುಗರು ಅದರ ಕೆಳಗೇ ಮಲಗ್ತಾವ. ನಾಳಿ ಈ ಸುತ್ತಿಗಿ ತಗೊಂಡು ಬಾ."