ಎದುರು ಅಂಗಡಿಯ ಬಿಳಿ ಹಿನ್ನೆಲೆ

ಗುತ್ತಲಿನಲ್ಲಿ ನನ್ನ ಅಂಗಡಿಯ ಎದುರಿನವರ ಹಳದಿ ಬೆಲ್ಲ ಫೋನಿನಲ್ಲಿ ಬಿಳಿ ಹಿನ್ನೆಲೆಯ ಮೇಲೆ ಹೊಳೆಯುವುದನ್ನು ಕಂಡು ಸಂಕಟವಾಗಿ, ನನ್ನ ಬೆಲ್ಲದ ಫೋಟೋಗಳ ಹಿನ್ನೆಲೆ ಬದಲಿಸಲು, ಮನೆಯಿಂದಲೇ ಕೆಲಸ ಮಾಡುವ ಡಿಸೈನರಮ್ಮನಿಗೆ ಇಮೇಲಿನಲ್ಲಿ ಒಂದೇ ಸಾಲು ಬರೆದೆನೆಂದು ನೆನಪು. ಆ ಇಮೇಲ್ ತೆರೆದರೆ ನೆನಪು ಸುಳ್ಳು: “ಹಿಂದಿನ ಗೋಣಿಚೀಲ ತೆಗೆಯಿರಿ. ಪೂರ್ತಿ ಬಿಳಿ ಹಾಕಿ. ಬೆಲ್ಲದ ಕೆಳಗೆ ತೆಳು ನೆರಳಿರಲಿ. ಎದುರಿನವರದಕ್ಕಿಂತ ಬೆಳ್ಳಗಿರಲಿ.”

ಆಕೆ ಫೋನ್ ಮಾಡಿದಳು. “ಮಾಡಿವ್ನಿ ಕಣಣ್ಣ. ಬಿಳಿ ಮುಂದೆ ನಿಮ್ಮ ಬೆಲ್ಲ ಇನ್ನೂ ಕಪ್ಪಗೆ ಕಾಣ್ತದೆ. ಗೋಣಿಚೀಲನೇ ಚೆಂದಾಗಿತ್ತು.”

“ಅಂಗಾದ್ರೆ ಬೆಲ್ಲನೂ ಹಳದಿ ಮಾಡ್ಬುಡವ್ವ.”

“ತಕೊಂಡೋರು ಪೊಟ್ಟಣ ಬಿಚ್ಚಿ ನೋಡಕಿಲ್ವಾ?”

ಕಪ್ಪು ಬೆಲ್ಲಕ್ಕೆ ಕೆಮಿಕಲ್ ಹಾಕಿರುವುದಿಲ್ಲವೆಂದು ಗಿರಾಕಿಗಳಿಗೆ ದಿನವೂ ಹೇಳುವವನು ನಾನೇ. ಗೋಣಿಚೀಲ ಇರಲಿ ಎಂದು ಮತ್ತೆ ಬರೆದೆ. ಹೊಟ್ಟೆಕಿಚ್ಚೇನೂ ಆರಲಿಲ್ಲ.