ನಾಲಗೆಯ ಅಡಿಭಾಗ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಜನರ ಬಾಯಿ ತೆರೆಸಿ ನೋಡುತ್ತಿದ್ದೆ. ಊರವರು ನನ್ನನ್ನು ಹಲ್ಲಿನ ಡಾಕ್ಟರಮ್ಮನೆಂದೇ ತಿಳಿದಿದ್ದರು. ನನ್ನ ಕೆಲಸ ಬೇರೆ. ಕನ್ನಡದ ತ ಮತ್ತು ಟ ಬಾಯಲ್ಲಿ ಎಲ್ಲಿ ಹುಟ್ಟುತ್ತವೆ ಎಂಬುದರ ಮೇಲೆ ಪ್ರಬಂಧ ಬರೆಯುತ್ತಿದ್ದೆ.

ಉಪಾಯ ಸರಳ. ಇದ್ದಿಲ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನಾಲಗೆಗೆ ಬಳಿಯಬೇಕು, ಒಂದೇ ಒಂದು ಪದ ಹೇಳಿಸಬೇಕು, ಕೂಡಲೇ ಸಣ್ಣ ಕನ್ನಡಿ ಇಟ್ಟು ಅಂಗುಳ ನೋಡಿ ಫೋಟೋ ತೆಗೆಯಬೇಕು. ನಾಲಗೆ ಎಲ್ಲಿ ತಾಗಿತೋ ಅಲ್ಲಿ ಮಸಿ. ‘ಅತ್ತ’, ‘ಅಟ್ಟ’ ಎಂಬ ಪದಗಳನ್ನೇ ಆರಿಸಿದ್ದೆ, ಏಕೆಂದರೆ ಅಕಾರಕ್ಕೆ ನಾಲಗೆ ಅಂಗುಳದ ಗೊಡವೆಗೆ ಹೋಗುವುದಿಲ್ಲ.

ನನ್ನ ಮುಖ್ಯ ಮಾತುಗಾರ್ತಿ ಸೊರಬದ ಕಡೆಯ ನನ್ನ ಸೋದರತ್ತೆ. ಓದು ಬಾರದ, ಮೇಲಿನ ಎರಡು ಮುಂಬಲ್ಲು ಉದುರಿದ್ದ ಹೆಂಗಸು. ಜಡೆ ಎಂಬ ಊರಿನಿಂದ ಬಸ್ಸು ಬದಲಿಸಿ ಬಂದು ವಾರವಿಡೀ ನನ್ನೊಂದಿಗೆ ಉಳಿದಿದ್ದಳು. ಆಕೆಯ ಚಿತ್ರಗಳೇ ನನ್ನ ಪ್ರಬಂಧದ ಅರ್ಧ ಭಾಗ; ಟಕಾರದ ಚಿತ್ರ ಮಾತ್ರ ಖಾಲಿ ಬರುತ್ತಿತ್ತು, ಮಸಿ ಸಾಲದೆಂದುಕೊಂಡಿದ್ದೆ.

ಪ್ರಬಂಧವನ್ನು ಪರಿಶೀಲಿಸಲು ನನ್ನ ಮಾರ್ಗದರ್ಶಕರು ಒಂದು ದಿನದ ಮಟ್ಟಿಗೆ ಬಂದರು. ಅವರ ಮನೆಮಾತು ಮರಾಠಿ, ಕನ್ನಡ ಚೆನ್ನಾಗಿ ಕಲಿತವರು. ತಮ್ಮ ಬಾಯಿಯ ಚಿತ್ರವನ್ನೇ ನನ್ನ ದಫ್ತರದ ಮೊದಲ ಪುಟದಲ್ಲಿ ಅಂಟಿಸಿ, ಮೇಲೆ ‘ಮಾದರಿ’ ಎಂದು ಬರೆಸಿದ್ದರು. ನಾನೂ ಕಣ್ಣು ಮುಚ್ಚಿ ಬರೆದುಕೊಂಡಿದ್ದೆ.

ಅತ್ತೆ ‘ಅತ್ತ’ ಎಂದಳು. ಹಲ್ಲಿಲ್ಲದ ಜಾಗದ ಒಸಡಿನ ಮೇಲೆ ದಟ್ಟ ಮಸಿ. ಬಾಯಿ ತೊಳೆಸಿ ಮತ್ತೆ ಬಳಿದೆ. ‘ಅಟ್ಟ’ ಎಂದಳು. ದವಡೆಹಲ್ಲುಗಳ ಪಕ್ಕ ಒಂದಿಷ್ಟು ಮಸಿ ಬಿಟ್ಟರೆ ಅಂಗುಳದ ನಡುವೆ ಏನೂ ಇಲ್ಲ. ಮೂರು ಸಲ ಮಾಡಿದೆವು, ಮೂರು ಸಲವೂ ಖಾಲಿ.

“ಈಕೆ ಟ ಹೇಳುತ್ತಿಲ್ಲ. ಹಲ್ಲು ಹೋಗಿ ಉಚ್ಚಾರ ಕೆಟ್ಟಿದೆ. ಪಟ್ಟಿಯಿಂದ ತೆಗೆದುಬಿಡಿ” ಎಂದು ಅವರು ಆಕೆಯ ಪುಟಕ್ಕೆ ಅಡ್ಡಗೀಟು ಎಳೆದರು.

ನನಗೆ ಮೈ ಉರಿದುಹೋಯಿತು. ಅರ್ಧ ಪ್ರಬಂಧ ಹೋಯಿತೆಂಬ ಸಂಕಟ ಒಂದು ಕಡೆ; ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆಗೆ ಸರಿದದ್ದು ಇನ್ನೊಂದು ಕಡೆ. ಎಪ್ಪತ್ತು ವರ್ಷ ಆಡಿದ ಮಾತು ಕೆಟ್ಟಿದೆಯಂತೆ!

“ಸಾರ್, ಹಲ್ಲು ಬೇಕಾದದ್ದು ತಕಾರಕ್ಕೆ. ಟಕಾರಕ್ಕೂ ಹಲ್ಲಿಗೂ ಏನು ಸಂಬಂಧ? ನಿಮ್ಮ ಕಿವಿಯನ್ನೇ ಕೇಳೋಣ” ಎಂದೆ.

ಆಕೆ ಹೇಳಿದ ಪದಗಳನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆ. ಬ್ಲೇಡು ಹಿಡಿದು ಪ್ರತಿ ಪದದ ಮೊದಲ ಅಕಾರವನ್ನಷ್ಟೇ ಕತ್ತರಿಸಿದೆ. ನಾಲಗೆ ದಾರಿ ಮುಚ್ಚುವ ಹೊತ್ತಿಗೆ ತುಂಡು ಮುಗಿಯಬೇಕು, ತ, ಟ ಎರಡೂ ಅದರಲ್ಲಿ ಇರಬಾರದು. ಟೇಪಿನ ತುಂಡುಗಳನ್ನು ಹಿಂದುಮುಂದು ಮಾಡಿ ಅಂಟಿಸಿ ನುಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ, ಮುಂದೆ ಯಾವ ಅಕ್ಷರ ಬರಬೇಕಿತ್ತೆಂದು ಬರೆಯುತ್ತ ಹೋದರು. ಒಂದೋ ಎರಡೋ ಬಿಟ್ಟರೆ ಎಲ್ಲ ಸರಿ. ನಾಲಗೆ ಟಕಾರಕ್ಕೆ ಹೊರಟಾಗಲೇ ಅಕಾರದ ಬಾಲಕ್ಕೆ ಬೇರೆ ಬಣ್ಣ ಹತ್ತುತ್ತದೆ; ಬಾಯೊಳಗೆ ಮೊಳಗುವ ಮೇಲಿನ ಅನುರಣನವೊಂದು ಕೆಳಗಿಳಿಯುತ್ತದೆ. ತಕಾರದ ಮುಂದೆ ಹಾಗಾಗುವುದಿಲ್ಲ.

“ಟ ಹೇಳಿದ್ದಾರೆ, ಒಪ್ಪಿದೆ. ಹಾಗಾದರೆ ತಾಗಿದ್ದು ಎಲ್ಲಿ?” ಎಂದರು.

ಮೂಲೆಯಿಂದ ಅತ್ತೆ ಹೇಳಿದಳು: “ನೀನು ಮ್ಯಾಲೆ ಬಳೀತೀಯ. ನಾಲಗೆ ದೋಸೆ ಮಗುಚಿದಂಗೆ ಮಗುಚ್ಕಂಡು ಹೋಗ್ತದೆ ಕಣೇ. ಅಡೀಗೆ ಬಳಿಯೇ ಮಾರಾಯ್ತಿ.”

ನಾನು ಹಣೆ ಹಣೆ ಚಚ್ಚಿಕೊಂಡೆ. ತಿಂಗಳುಗಟ್ಟಲೆ ನಾಲಗೆಯ ಮೇಲೆಯೇ ಬಳಿದಿದ್ದೆ, ಮಾದರಿಯಲ್ಲಿ ಹಾಗಿದೆ ಎಂದು.

ಬಾಯಿ ತೊಳೆಸಿ, ನಾಲಗೆ ಎತ್ತಿಸಿ, ತುದಿಯ ಅಡಿಭಾಗಕ್ಕೆ ಮಾತ್ರ ಬಳಿದೆ. “ಅಟ್ಟ” ಎಂದಳು. ಕನ್ನಡಿ ಇಟ್ಟೆ. ಒಸಡಿನ ಉಬ್ಬು ದಾಟಿ, ಅಂಗುಳ ಗುಮ್ಮಟದಂತೆ ಏರುವ ಜಾಗದಲ್ಲಿ ಕಪ್ಪು ಮುದ್ರೆ ಕೂತಿತ್ತು. ಖುಷಿಗೆ ಫೋಟೋ ಎರಡು ಸಲ ತೆಗೆದೆ.

ಅತ್ತೆ ಬಾಯಿ ಮುಕ್ಕಳಿಸಿ, ಮಸಿ ಬಳಿಯುವ ಕುಂಚವನ್ನು ಎತ್ತಿ ನನ್ನ ಕೈಗಿಟ್ಟು ಅವರತ್ತ ತಿರುಗಿದಳು. “ಈಗ ನೀವು ಬಾಯಿ ತೆಗೀರಿ ಮೇಷ್ಟ್ರೇ, ನೋಡಾನ.”

ಅವರು ಕೋಟು ತೆಗೆದು ಕುರ್ಚಿಗೆ ಹಾಕಿ ಬಾಯಿ ತೆರೆದರು. ಅಡಿಭಾಗಕ್ಕೆ ಬಳಿದು ‘ಅಟ್ಟ’ ಎನ್ನಿಸಿದಾಗ ಅವರ ಅಂಗುಳದ ನಡುವೆ ಮುದ್ರೆ ಬೀಳಲಿಲ್ಲ. ಮೇಲೆ ತುದಿಯವರೆಗೆ ಬಳಿದಾಗ ಬಿತ್ತು, ಒಸಡಿನ ಉಬ್ಬಿನ ಬೆನ್ನಿಗೇ ಒಂದು ಸಣ್ಣ ಪಟ್ಟಿ. ಅವರ ನಾಲಗೆ ತುದಿ ಎತ್ತುತ್ತಿತ್ತು, ಮಗುಚುತ್ತಿರಲಿಲ್ಲ. ಕಿವಿಗೆ ಮಾತ್ರ ಎರಡೂ ಟ.

ಕನ್ನಡಿಯಲ್ಲಿ ಅದನ್ನು ಬಹಳ ಹೊತ್ತು ನೋಡಿಕೊಂಡು, ಅವರು ನನ್ನ ದಫ್ತರ ಕೇಳಿದರು. ಅತ್ತೆಯ ಪುಟದ ಅಡ್ಡಗೀಟಿನ ಪಕ್ಕ ‘ಇರಲಿ’ ಎಂದು ಬರೆದು ಸಹಿ ಹಾಕಿದರು. ಬಳಿಕ ಮೊದಲ ಪುಟಕ್ಕೆ ತಿರುಗಿ, ತಮ್ಮ ಚಿತ್ರದ ಮೇಲಿದ್ದ ‘ಮಾದರಿ’ ಎಂಬ ಪದವನ್ನು ಹೊಡೆದುಹಾಕಿ, ಕೆಳಗೆ ‘ಇನ್ನೊಬ್ಬ ಮಾತುಗಾರ’ ಎಂದು ಬರೆದರು.