ಹುರಿಹಿಟ್ಟಿನೊಳಗಿನ ಗೋಧಿ

ನನ್ನ ಮಗಳಿಗೆ ಗೋಧಿ ಆಗದು ಎಂದು ಬೆಂಗಳೂರಿನ ಮಕ್ಕಳ ಡಾಕ್ಟರು ಹೇಳಿದಾಗ ಅವಳಿಗೆ ನಾಲ್ಕು ವರ್ಷ. ಅರವತ್ತರ ದಶಕದ ನಡುವಿನ ಮಾತು. ನಾವಾಗ ಶಿಡ್ಲಘಟ್ಟದಲ್ಲಿದ್ದೆವು, ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮೇಷ್ಟ್ರು. ಮಗುವಿನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ, ದಿನಕ್ಕೆ ಐದಾರು ಸಲ ಭೇದಿ. ಡಾಕ್ಟರು ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಗೋಧಿ, ರವೆ, ಮೈದಾ, ಶಾವಿಗೆ, ಬಾರ್ಲಿ, ಬಾರ್ಲಿ ಮಾಲ್ಟಿನ ಡಬ್ಬಿ ಪುಡಿ, ಯಾವುದೂ ಕೂಡದು. ಅಕ್ಕಿ, ರಾಗಿ, ಜೋಳ, ಬೇಳೆ ಕೊಡಬಹುದು.

"ಇದಕ್ಕೆ ಔಷಧಿ ಇಲ್ಲಮ್ಮ. ಊಟವೇ ಔಷಧಿ. ಜೀವನಪೂರ್ತಿ," ಎಂದರು.

ಮೂರು ತಿಂಗಳಲ್ಲಿ ಮಗುವಿನ ಕೆನ್ನೆ ತುಂಬಿಕೊಂಡಿತು. ಆಮೇಲೆ ಮತ್ತೆ ಭೇದಿ ಶುರುವಾಯಿತು. ಹೊಟ್ಟೆ ಉಬ್ಬಿತು. ಆಡುತ್ತಿದ್ದ ಹುಡುಗಿ ಗೋಡೆಗೊರಗಿ ಕೂತುಬಿಡುತ್ತಿದ್ದಳು. ನನಗೆ ಅನುಮಾನ ಬಂದದ್ದು ಅತ್ತೆಯ ಮೇಲೆ. ದೊಡ್ಡವರಿಗೆ ರವೆ ಉಪ್ಪಿಟ್ಟು ಮಾಡುತ್ತಿದ್ದವರು ಅವರೇ, ಮೊಮ್ಮಗಳೆಂದರೆ ಜೀವ ಬಿಡುವವರೂ ಅವರೇ.

"ನಿಜ ಹೇಳಿ ಅತ್ತೆ, ನಾನಿಲ್ಲದಾಗ ಏನು ತಿನ್ನಿಸ್ತೀರಿ?"

ಅವರು ಒರಳಿನಿಂದ ಕೈ ತೆಗೆದರು. "ನನ್ನ ಕೈಯಾರೆ ಮಗೂಗೆ ವಿಷ ಇಡ್ತೀನಾ?"

ಆವತ್ತಿಂದ ಅವರು ಮಗುವಿನ ತಟ್ಟೆ ಮುಟ್ಟಲಿಲ್ಲ. ಮಗು "ಅಜ್ಜಿ, ತುತ್ತು" ಎಂದರೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ನಾನೇ ತಿನ್ನಿಸತೊಡಗಿದೆ. ಭೇದಿ ಮಾತ್ರ ನಿಲ್ಲಲಿಲ್ಲ.

ಆಗ ಮಗುವಿನ ಬಾಯಿಗೆ ಹೋಗುವ ಒಂದೊಂದನ್ನೂ ಚೀಟಿಯ ಎದುರಿಗಿಟ್ಟು ನೋಡಿದೆ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಅಕ್ಕಿಯನ್ನೂ ಬೀಸುತ್ತಿದ್ದರು. ಅದನ್ನು ಬಿಟ್ಟು ಮನೆಯ ಬೀಸೋಕಲ್ಲು ಹಿಡಿದೆವು. ಇಂಗಿಗೆ ಮೈದಾ ಬೆರೆಸುತ್ತಾರೆಂದು ಅಂಗಡಿಯವನೇ ಹೇಳಿದ, ಇಂಗನ್ನೂ ಬಿಟ್ಟೆವು. ಇಷ್ಟಾದರೂ ಮಗು ಸೊರಗುತ್ತಲೇ ಹೋಯಿತು. ಕೊನೆಗೆ ಉಳಿದದ್ದು ರಾಗಿ ಹುರಿಹಿಟ್ಟು. ಚಿಂತಾಮಣಿಯ ಒಬ್ಬಾಕೆ ಮನೆಯಲ್ಲೇ ಮಾಡಿ ಮಾರುತ್ತಿದ್ದರು, ಭೇದಿ ಮರುಕಳಿಸುವ ಸ್ವಲ್ಪ ಮುಂಚೆ ಕೊಳ್ಳತೊಡಗಿದ್ದೆವು. ಮಗು ದಿನಾ ಎರಡು ಲೋಟ ಗಂಜಿ ಕುಡಿಯುತ್ತಿತ್ತು. ಮಗು ಸೊರಗಿದೆ ಎಂದಷ್ಟೇ ಹೇಳಿ, ಗೋಧಿ ಬೆರೆಸಿಲ್ಲ ತಾನೇ ಎಂದು ಕೊಳ್ಳುವಾಗಲೇ ಕೇಳಿದ್ದೆ. "ಬರೀ ರಾಗಿ ಕಣಮ್ಮ" ಎಂದಿದ್ದರು.

ಪರೀಕ್ಷೆಯ ದಾರಿ ಹೇಳಿಕೊಟ್ಟದ್ದು ಅತ್ತೆಯೇ, ನನ್ನ ಮುಖ ನೋಡದೆ. "ಗೋಧಿ ಹಿಟ್ಟು ಕಲಸಿ, ಬಟ್ಟೇಲಿ ಕಟ್ಟಿ ನೀರಲ್ಲಿ ತೊಳೆದ್ರೆ ರಬ್ಬರಿನಂಗೆ ಅಂಟು ಉಳೀತದೆ. ರಾಗೀದು ಉಳಿಯಲ್ಲ."

ಹುರಿಹಿಟ್ಟನ್ನು ಹಾಗೇ ತೊಳೆದೆ. ಹಿಟ್ಟು ನೀರಲ್ಲಿ ಕರಗಿ ಹೋಯಿತು, ಬಟ್ಟೆಯಲ್ಲಿ ಒಂದಿಷ್ಟು ತರಿ ಬಿಟ್ಟರೆ ಅಂಟು ಇಲ್ಲ. ಸಮಾಧಾನದಿಂದ ಅವತ್ತೂ ಗಂಜಿ ಕುಡಿಸಿದೆ. ಎರಡೇ ದಿನಕ್ಕೆ ಮಗು ನೀರನ್ನೂ ಕಕ್ಕತೊಡಗಿತು.

ಬೆಳಿಗ್ಗೆಯ ಬಸ್ಸು ಹಿಡಿದು ಚಿಂತಾಮಣಿಗೆ ಹೋದೆ. ಈ ಸಲ ಗೋಧಿ ಇದೆಯೇ ಎಂದು ಕೇಳಲಿಲ್ಲ. ಕೇಳಿದರೆ ಮತ್ತೆ ಬರೀ ರಾಗಿ ಎಂದೇ ಹೇಳುತ್ತಾರೆಂದು ಲೆಕ್ಕ ಹಾಕಿಕೊಂಡಿದ್ದೆ. "ಅಮ್ಮ, ಹಿಟ್ಟು ಹೇಗೆ ಮಾಡ್ತೀರಿ, ಮೊದಲಿಂದ ಹೇಳಿ," ಎಂದೆ.

ಆಕೆಗೆ ಖುಷಿ. "ರಾಗಿ ನೆನೆಸಿ ಮೊಳಕೆ ಕಟ್ತೀನಿ, ಒಣಗಿಸ್ತೀನಿ. ಘಮ ಬರೋವರೆಗೂ ಹುರೀತೀನಿ. ಹುರಿಗಡಲೆ, ಏಲಕ್ಕಿ. ಆಮೇಲೆ..." ಎಂದು ನಗುತ್ತಾ, "ನಿಮ್ಮ ಮಗು ಸೊರಗಿದೆ ಅಂದ್ರಲ್ಲ, ಪಾಪ. ಅದರ ಪಾಲಿಗೆ ಅರ್ಧ ಸೇರು ಗೋಧೀನೂ ಕೆಂಪಗೆ ಹುರಿದು ಹಾಕಿದೀನಿ. ಮೈ ತುಂಬಲಿ ಅಂತ."

"ಗೋಧಿ ಇಲ್ಲ ಅಂದಿದ್ರಲ್ಲಮ್ಮ?"

"ರಾಗಿ ಹುರಿಹಿಟ್ಟಿಗೆ ರಾಗಿ ಅಂತಲೇ ಹೆಸರು ಹೇಳೋದು. ಹುರಿದ ಮೇಲೆ ಗೋಧಿ ಏನು ಮಾಡುತ್ತೆ?"

"ತೊಳೆದು ನೋಡಿದೆ, ಅಂಟು ಬರಲಿಲ್ಲ."

"ಹುರಿದ ಗೋಧಿ ಎಲ್ಲಿ ಅಂಟು ಬಿಡುತ್ತೆ ತಲ್ಲಿ," ಎಂದರು ಆಕೆ, ತಮ್ಮ ತೆಲುಗು ಬೆರೆತ ಮಾತಿನಲ್ಲಿ.

ಹುರಿದದ್ದರಿಂದ ಅಂಟುಗುಣ ಸತ್ತಿತ್ತೇ ಹೊರತು ಮಗುವಿನ ಕರುಳಿಗೆ ಆಗದ ಗುಣ ಸತ್ತಿರಲಿಲ್ಲ. ಕಾಯಿಲೆಯ ವಿಷಯ ಹೇಳಿದಾಗ ಆಕೆ ಒಲೆಯ ಮುಂದೆ ಕುಸಿದು ಅತ್ತರು. ಬೈಯಲು ಹೋಗಿದ್ದ ನಾನು ಅವರ ಕೈ ಹಿಡಿದು ಕೂತೆ.

ಮನೆಗೆ ಬಂದು ಅತ್ತೆಯ ಕಾಲು ಮುಟ್ಟಿದೆ. "ತಪ್ಪಾಯ್ತು," ಎಂದೆ.

"ಎದ್ದೇಳಮ್ಮ," ಎಂದರು. "ಮಗೂನ ಕೊಡು."

ಹುರಿಹಿಟ್ಟು ಬಿಟ್ಟ ಮೇಲೆ ಕಕ್ಕುವುದು ಎರಡು ದಿನದಲ್ಲಿ ನಿಂತಿತು. ಭೇದಿ ನಿಲ್ಲಲು ಮೂರು ವಾರ ಬೇಕಾಯಿತು, ಮೈ ತುಂಬಲು ಅದಕ್ಕಿಂತ ಬಹಳ. ಅಜ್ಜಿ ಮಾತ್ರ ಅದೇ ಸಂಜೆ ಅನ್ನದ ತುತ್ತು ಮಾಡಿ ಮೊಮ್ಮಗಳ ಬಾಯಿಗಿಟ್ಟರು.